ಶೇ. 95 ಸರಿ, ಆದರೂ ಹುಳುಕು ಬೀಜ ಉಳಿದಿದ್ದು ಯಾಕೆ?

*ಕಾರ್ಕಳದ ಗೇರುಬೀಜ ಕಾರ್ಖಾನೆಯೊಂದರಿಂದ 1000 ಬೀಜದ ಫೋಟೊ ತಂದು, ಹುಳುಕು ಬೀಜ ಗುರುತಿಸುವ ಪ್ರಾಜೆಕ್ಟ್ ಮಾಡಿದ್ದೇನೆ. ಪ್ರತಿ ಬೀಜಕ್ಕೂ 0ರಿಂದ 1ರವರೆಗೆ ಅಂಕ ಬರುತ್ತದೆ. 0.5 ದಾಟಿದರೆ ಹುಳುಕು. ಶೇ. 95 ಸರಿ ಬಂದರೂ ಗೈಡ್ ಒಪ್ಪುತ್ತಿಲ್ಲ. ಹುಳುಕು ಇದ್ದದ್ದು 50, ಸಿಕ್ಕಿದ್ದು 20. ಒಳ್ಳೆಯ 20 ಬೀಜವೂ ಹುಳುಕಿನ ಲೆಕ್ಕಕ್ಕೆ ಹೋಗಿವೆ.*
*– ಎಂ.ಎಸ್ಸಿ. ವಿದ್ಯಾರ್ಥಿನಿ, ಉಡುಪಿ*

ನಿಮ್ಮ ಗೈಡ್ ಹೇಳಿದ್ದು ಸರಿ. ಒಂದೂ ಫೋಟೊ ನೋಡದೆ ಸುಮ್ನೆ ಎಲ್ಲ ಬೀಜವೂ ಒಳ್ಳೆಯದು ಅಂದುಬಿಟ್ಟರೂ 1000ದಲ್ಲಿ 950 ಸರಿಯಾಗುತ್ತವೆ. ಅದೂ ಶೇ. 95 ಅಲ್ವಾ?

ಅದಕ್ಕೇ ಮೊದಲು ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ ಬರೆಯಿರಿ. ನಾಲ್ಕೇ ಮನೆ. ಹುಳುಕಿನ ಸಾಲಿನಲ್ಲಿ ಸಿಕ್ಕಿದ್ದು 20, ತಪ್ಪಿಸಿಕೊಂಡಿದ್ದು 30. ಒಳ್ಳೆಯದರ ಸಾಲಿನಲ್ಲಿ ಸರಿಯಾಗಿ ಬಿಟ್ಟಿದ್ದು 930, ತಪ್ಪಾಗಿ ಹಿಡಿದಿದ್ದು 20. ಈಗ ಒಂದೊಂದು ಸಾಲನ್ನು ಬೇರೆಬೇರೆ ನೋಡಿ. 50ರಲ್ಲಿ 20, ಅಂದರೆ ಶೇ. 40, ನಿಮ್ಮ ಸೆನ್ಸಿಟಿವಿಟಿ. 950ರಲ್ಲಿ 930, ಹತ್ತಿರಹತ್ತಿರ ಶೇ. 98, ಸ್ಪೆಸಿಫಿಸಿಟಿ. ಅರ್ಧಕ್ಕಿಂತ ಜಾಸ್ತಿ ಹುಳುಕು ಬೀಜ ಪ್ಯಾಕೆಟ್ ಸೇರುತ್ತಿವೆ ಅನ್ನುವುದು ಇಲ್ಲಿ ಮಾತ್ರ ಕಾಣುತ್ತದೆ.

ಗಡಿಯನ್ನು 0.3ಕ್ಕೆ ಇಳಿಸಿದರೆ 40 ಹುಳುಕು ಸಿಗುತ್ತವೆ, ಒಳ್ಳೆಯ 95 ಬೀಜವೂ ಜೊತೆಗೆ ಬರುತ್ತವೆ ಅಂತ ಇಟ್ಟುಕೊಳ್ಳಿ. ಆಗ ಸೆನ್ಸಿಟಿವಿಟಿ ಶೇ. 80, ಸ್ಪೆಸಿಫಿಸಿಟಿ ಶೇ. 90. ಒಟ್ಟು ಸರಿ ಉತ್ತರ ಮಾತ್ರ ಶೇ. 89.5ಕ್ಕೆ ಇಳಿಯುತ್ತದೆ. ಆದರೂ ನಾನು ಇದನ್ನೇ ಆರಿಸುತ್ತೇನೆ. ಪಕ್ಕಕ್ಕೆ ಇಟ್ಟ 135 ಬೀಜವನ್ನು ಕೆಲಸದವರು ಇನ್ನೊಮ್ಮೆ ಕೈಯಲ್ಲಿ ಆರಿಸಬಹುದು. ಪ್ಯಾಕ್ ಆಗಿ ಹೋದ ಹುಳುಕು ವಾಪಸ್ ಸಿಗುವುದಿಲ್ಲ. ಪಕ್ಕಕ್ಕಿಟ್ಟದ್ದನ್ನು ನೇರವಾಗಿ ಎಸೆಯುವ ಕಾರ್ಖಾನೆಯಾದರೆ ನನ್ನ ಆಯ್ಕೆಯೂ ಬೇರೆಯಾಗುತ್ತಿತ್ತು.

ಗಡಿಯನ್ನು ಹೀಗೆ 1ರಿಂದ 0ವರೆಗೆ ಇಳಿಸುತ್ತಾ ಹೋಗಿ. ಪ್ರತಿ ಸಲ ತಪ್ಪಾಗಿ ಹಿಡಿದ ಒಳ್ಳೆಯ ಬೀಜದ ಪಾಲನ್ನು ಅಡ್ಡಕ್ಕೆ, ಸೆನ್ಸಿಟಿವಿಟಿಯನ್ನು ಉದ್ದಕ್ಕೆ ಗುರುತು ಹಾಕಿದರೆ ಆರ್‌ಒಸಿ ಗೆರೆ ಸಿಗುತ್ತದೆ. ನಿಮ್ಮ ಎರಡು ಗಡಿಗಳು ಅದರ ಮೇಲಿನ ಎರಡು ಚುಕ್ಕೆಗಳು, ಅಷ್ಟೇ. ಗೆರೆ ಎಡ ಮೇಲ್ಮೂಲೆಗೆ ಬಾಗಿದಷ್ಟೂ ಒಳ್ಳೆಯದು. ಮೂಲೆಯಿಂದ ಮೂಲೆಗೆ ನೇರ ಓಡಿದರೆ ನಿಮ್ಮ ಅಂಕಕ್ಕೂ ನಾಣ್ಯ ಚಿಮ್ಮುವುದಕ್ಕೂ ವ್ಯತ್ಯಾಸವಿಲ್ಲ.

ಆದರೆ ಹುಳುಕು ಎಷ್ಟು ಅಪರೂಪ ಅನ್ನುವುದನ್ನು ಈ ಗೆರೆ ಹೇಳುವುದಿಲ್ಲ. ನಿಜವಾದ ಲೋಡಿನಲ್ಲಿ ಹುಳುಕು ಶೇ. 1 ಮಾತ್ರ ಇದ್ದರೆ, 10,000 ಬೀಜದಲ್ಲಿ 0.3ರ ಗಡಿ 80 ಹುಳುಕಿನ ಜೊತೆ 990 ಒಳ್ಳೆಯ ಬೀಜವನ್ನೂ ಹಿಡಿಯುತ್ತದೆ. ಗೆರೆ ಒಂಚೂರೂ ಬದಲಾಗಿರುವುದಿಲ್ಲ, ಆದರೆ ಕೈಯಲ್ಲಿ ಆರಿಸುವವರು ಒಂದು ಹುಳುಕು ಸಿಗಲು ಮೊದಲು ಮೂರ್ನಾಲ್ಕು ಬೀಜ ನೋಡಿದರೆ ಸಾಕಿತ್ತು, ಈಗ ಹದಿಮೂರಕ್ಕೂ ಜಾಸ್ತಿ ನೋಡಬೇಕಾಗುತ್ತದೆ. ಹಾಗಾಗಿ ಗಡಿ ನಿಲ್ಲಿಸುವ ಮೊದಲು ಕಾರ್ಖಾನೆಯಲ್ಲಿ ನಿಜಕ್ಕೂ ಎಷ್ಟು ಹುಳುಕು ಬರುತ್ತದೆ ಅಂತ ಕೇಳಿಕೊಳ್ಳಿ. ಗಡಿ ಆರಿಸಲು ಬಳಸಿದ ಫೋಟೊಗಳಲ್ಲೇ ಫಲಿತಾಂಶ ತೋರಿಸಬೇಡಿ. ಅದಕ್ಕೆ ಬೇರೆ ಫೋಟೊ ಎತ್ತಿಡಿ.