ಸೆಲ್ಫಿಯಲ್ಲಿ ಮುಖ ಇದ್ದ ಹಾಗೆ ಬರಬೇಕೆಂದರೆ

"ಕನ್ನಡಿಯಲ್ಲಿ ಸರಿಯಾಗಿಯೇ ಕಾಣುತ್ತೇನೆ. ಸೆಲ್ಫಿ ತೆಗೆದರೆ ಮಾತ್ರ ಮೂಗು ದಪ್ಪ, ಮುಖ ಉದ್ದ. ಫೋನ್ ಬದಲಾಯಿಸಿ ನೋಡಿದೆ, ಹಾಗೇ ಬರ್ತಿದೆ. ಸಹಜವಾಗಿ ಬರೋ ಹಾಗೆ ತೆಗೆಯೋದು ಹೇಗೆ?"

ಫೋನ್ ಬದಲಾಯಿತು, ಆದರೆ ನಿಮ್ಮ ಕೈಯ ಉದ್ದ ಬದಲಾಗಲಿಲ್ಲ ಅಲ್ವಾ? ತೊಂದರೆ ಇರುವುದು ಅಲ್ಲೇ. ನಾನು ಹಾಸನದಲ್ಲಿ ಹನ್ನೊಂದು ವರ್ಷ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ಗಿರಾಕಿ ಕೂರುವ ಸ್ಟೂಲಿಗೂ ಕ್ಯಾಮೆರಾ ಸ್ಟ್ಯಾಂಡಿಗೂ ಐದಾರು ಅಡಿ ಅಂತರ ಇರುತ್ತಿತ್ತು. ಅದಕ್ಕಿಂತ ಹತ್ತಿರದಿಂದ ಮುಖದ ಫೋಟೋ ತೆಗೆಯಬಾರದು ಅನ್ನುವುದು ನಾನು ಕಲಿತ ಮೊದಲ ಪಾಠ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಮೂಗಿನ ತುದಿಯಿಂದ ಕಿವಿಯ ತನಕ ಸುಮಾರು 4 ಇಂಚು ಆಳ ಇರುತ್ತದೆ. ಮೊಣಕೈ ಮಡಿಸಿ ಫೋನ್ ಹಿಡಿದರೆ ಕ್ಯಾಮೆರಾದಿಂದ ಮೂಗಿಗೆ 12 ಇಂಚು, ಕಿವಿಗೆ 16 ಇಂಚು. ಹತ್ತಿರ ಇರುವುದು ದೊಡ್ಡದಾಗಿ, ದೂರ ಇರುವುದು ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಮೂಗು ಯಾವ ಅಳತೆಯಲ್ಲಿ ಬರುತ್ತದೋ, ಕಿವಿ ಅದರ ಮುಕ್ಕಾಲು ಅಳತೆಯಲ್ಲಷ್ಟೇ ಬರುತ್ತದೆ. ಕೈ ಪೂರ್ತಿ ಚಾಚಿದರೆ 24 ಮತ್ತು 28 ಇಂಚು, ಆಗ ಕಿವಿಯ ಅಳತೆ ನೂರಕ್ಕೆ 86. ಅದೇ 5 ಅಡಿ ದೂರದಿಂದ ಅಂದರೆ 60 ಮತ್ತು 64 ಇಂಚು, ನೂರಕ್ಕೆ 94. ಎದುರು ಕೂತು ಮಾತಾಡುವವರು ನಿಮ್ಮನ್ನು ನೋಡುವುದು ಹೆಚ್ಚುಕಡಿಮೆ ಈ ದೂರದಿಂದಲೇ.

ಅಮೆರಿಕದಲ್ಲಿ ಬೋರಿಸ್ ಪಾಸ್ಕೋವರ್ ಎಂಬ ಮುಖದ ಪ್ಲಾಸ್ಟಿಕ್ ಸರ್ಜನ್ ಇದನ್ನೇ ಗಣಿತದ ಮಾದರಿ ಮಾಡಿ ಲೆಕ್ಕ ಹಾಕಿದರು. ಸೆಲ್ಫಿ ತೋರಿಸಿ 'ಮೂಗು ಚಿಕ್ಕದು ಮಾಡಿ' ಎಂದು ಕೇಳುವವರು ಅವರ ಬಳಿ ಬರುತ್ತಿದ್ದರು. 2018ರಲ್ಲಿ ಅವರೂ ಜೊತೆಗಾರರೂ ಪ್ರಕಟಿಸಿದ ಲೆಕ್ಕದ ಪ್ರಕಾರ, 12 ಇಂಚಿನಿಂದ ತೆಗೆದ ಫೋಟೋದಲ್ಲಿ ಮೂಗು ಸುಮಾರು 30 ಶೇಕಡಾ ಅಗಲವಾಗಿ ಕಾಣುತ್ತದೆ. 5 ಅಡಿಯಿಂದ ತೆಗೆದರೆ ಗಮನಿಸುವಂಥ ವ್ಯತ್ಯಾಸವೇ ಇರಲಿಲ್ಲ.

ಕನ್ನಡಿಯಲ್ಲಿ ಸರಿ ಕಾಣುವುದಕ್ಕೂ ಇದೇ ಕಾರಣ. ಕನ್ನಡಿಯಿಂದ ನೀವು ಎರಡು ಅಡಿ ಈಚೆ ನಿಂತರೆ, ನಿಮ್ಮ ಬಿಂಬ ಎರಡು ಅಡಿ ಆಚೆ ನಿಂತ ಹಾಗೆ. ಒಟ್ಟು ನಾಲ್ಕು ಅಡಿ ದೂರದಿಂದ ನಿಮ್ಮನ್ನು ನೋಡಿಕೊಳ್ಳುತ್ತಿದ್ದೀರಿ. ಫೋನ್ ಮಾತ್ರ ಒಂದು ಅಡಿಯಿಂದ ನೋಡುತ್ತಿದೆ.

ಹೋದ ವರ್ಷ ನನ್ನ ಅಕ್ಕನ ಮಗಳು ಕೂಡ ಇದೇ ದೂರು ತಂದಳು. "ಮಾಮ, ನನ್ನ ಮೂಗು ನಿಜವಾಗ್ಲೂ ಇಷ್ಟು ದಪ್ಪ ಇದ್ಯಾ?" ಅಂತ ಫೋನ್ ಮುಂದೆ ಹಿಡಿದಳು. ಮುಖ ತೆಳ್ಳಗೆ, ಮೂಗು ಮುಂದಕ್ಕೆ ಬಂದ ಹಾಗೆ. ನನಗೆ ಮೊದಲು ಕಂಡದ್ದು ಬೇರೆ. ಅವಳು ಜುಮುಕಿ ಹಾಕಿದ್ದಳು, ಫೋಟೋದಲ್ಲಿ ಅದರ ಅಂಚಷ್ಟೇ ಇತ್ತು. ಕಿವಿಗಳು ಕೆನ್ನೆಯ ಹಿಂದೆ ಹೋಗಿದ್ದವು.

ಹೊಲಿಗೆಯ ಟೇಪ್ ತಂದು ಅಳೆದೆವು. ಅವಳು ಸುಮ್ನೆ ಹಿಡಿಯುವ ಹಾಗೆ ಹಿಡಿದಾಗ ಫೋನು ಮೂಗಿನಿಂದ 11 ಇಂಚು ಇತ್ತು. ಅದೇ ಜಾಗದಲ್ಲಿ ಕೈ ಪೂರ್ತಿ ಚಾಚಿ ಇನ್ನೊಂದು ತೆಗೆದಳು, ಆಗ 22 ಇಂಚು. ಮೂರನೆಯದಕ್ಕೆ ಫೋನನ್ನು ಊಟದ ಟೇಬಲ್ ಮೇಲೆ ಎರಡು ಸ್ಟೀಲ್ ಡಬ್ಬ ಪೇರಿಸಿ ಒರಗಿಸಿಟ್ಟು, 10 ಸೆಕೆಂಡಿನ ಟೈಮರ್ ಹಾಕಿ, 5 ಅಡಿ ದೂರ ನಿಲ್ಲಿಸಿದೆ. ಮೂರನ್ನೂ ಮುಖ ಒಂದೇ ಅಳತೆಗೆ ಬರುವ ಹಾಗೆ ಕ್ರಾಪ್ ಮಾಡಿ ಪಕ್ಕಪಕ್ಕ ಇಟ್ಟೆವು. ಎರಡನೆಯದರಲ್ಲೇ ಮೂಗು ಅರ್ಧ ಸರಿಹೋಗಿತ್ತು. ಮೂರನೆಯದರಲ್ಲಿ ಎರಡೂ ಜುಮುಕಿ ಪೂರ್ತಿ ಕಾಣುತ್ತಿದ್ದವು, ಮುಖ ಅದರ ನಿಜವಾದ ಅಗಲಕ್ಕೆ ಬಂದಿತ್ತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇದೇ: ಸೆಲ್ಫಿ ತೆಗೆದ ಮೇಲೆ ಮೂಗು ನೋಡಬೇಡಿ, ಕಿವಿ ನೋಡಿ. ನೇರವಾಗಿ ನೋಡುತ್ತಿದ್ದರೂ ಕಿವಿ ಅಡಗಿದ್ದರೆ ಫೋನ್ ತೀರಾ ಹತ್ತಿರ ಇತ್ತು ಅಂತ ಅರ್ಥ. ಕೂದಲು ಕಿವಿ ಮುಚ್ಚಿದ್ದರೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ.

ದೂರ ನಿಂತರೆ ಮುಖ ಚಿಕ್ಕದಾಗುತ್ತದೆ, ಆಮೇಲೆ ಕ್ರಾಪ್ ಮಾಡಿದರೆ ಹಾಳಾಗುವುದಿಲ್ಲವೇ ಅಂತ ಅವಳೂ ಕೇಳಿದಳು. ಕ್ರಾಪ್ ಮಾಡುವುದರಿಂದ ಮುಖದ ಆಕಾರ ಬದಲಾಗುವುದಿಲ್ಲ. ಆಕಾರವನ್ನು ತೀರ್ಮಾನ ಮಾಡುವುದು ಎಲ್ಲಿಂದ ತೆಗೆದಿರಿ ಅನ್ನುವುದು ಮಾತ್ರ. ಕಡಿಮೆಯಾಗುವುದು ಪಿಕ್ಸೆಲ್. 12 ಮೆಗಾಪಿಕ್ಸೆಲ್‌ನ ಮುಂದಿನ ಕ್ಯಾಮೆರಾದಲ್ಲಿ 5 ಅಡಿಯಿಂದ ತೆಗೆದು ತಲೆ, ಭುಜ ಮಾತ್ರ ಉಳಿಸಿಕೊಂಡರೆ ಹೆಚ್ಚುಕಡಿಮೆ 900 ಪಿಕ್ಸೆಲ್ ಅಗಲ ಸಿಗುತ್ತದೆ. ವಾಟ್ಸಾಪ್ ಡಿಪಿಗೆ ಇದು ಸಾಕು. ದೊಡ್ಡದಾಗಿ ಪ್ರಿಂಟ್ ಹಾಕಿಸುವುದಿದ್ದರೆ ಹಿಂದಿನ ಕ್ಯಾಮೆರಾ ತಿರುಗಿಸಿಟ್ಟು `2x` ಒತ್ತಿ, ಟೈಮರ್‌ನಲ್ಲಿ ತೆಗೆಯಿರಿ. ಫೋನ್ ಒರಗಿಸಲು ಜಾಗ ಇಲ್ಲದ ಕಡೆ ಸೆಲ್ಫಿ ಸ್ಟಿಕ್ ಒಳ್ಳೆಯದು. ಕೈಯ ಉದ್ದಕ್ಕೆ ಕೋಲಿನ ಉದ್ದವೂ ಸೇರಿ ನಾಲ್ಕು ಅಡಿ ದಾಟುತ್ತದೆ. ಏನೂ ಇಲ್ಲದಿದ್ದರೆ ಕೈ ಪೂರ್ತಿ ಚಾಚಿ. ಹಾಗೆ ಚಾಚಿದಾಗ ಆ ಕಡೆಯ ಭುಜ ಮೇಲೇರಿ ಕತ್ತಿಗೆ ಅಂಟುತ್ತದೆ. ಬಟನ್ ಒತ್ತುವ ಮೊದಲು ಭುಜವನ್ನು ಬೇಕೆಂದೇ ಕೆಳಗೆ ಬಿಡಿ.

ಪೋರ್ಟ್ರೇಟ್ ಮೋಡ್ ಹಾಕಿದರೆ ಸರಿಹೋಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅದು ಹಿನ್ನೆಲೆಯನ್ನು ಮಸುಕು ಮಾಡುತ್ತದೆ ಅಷ್ಟೇ. 12 ಇಂಚಿನಿಂದ ತೆಗೆದರೆ ಮೂಗು ಅಷ್ಟೇ ದಪ್ಪ ಇರುತ್ತದೆ.

ಲೆನ್ಸಿನ ಪಾತ್ರ ಬರುವುದು ಫ್ರೇಮಿನ ಅಂಚಿನಲ್ಲಿ. ಸೆಲ್ಫಿ ಕ್ಯಾಮೆರಾಗಳು ಜಾಸ್ತಿ ಅಗಲ ಹಿಡಿಯುವ ಲೆನ್ಸ್‌ಗಳು. ಅಂಥ ಲೆನ್ಸ್‌ನಲ್ಲಿ ಮೂಲೆಯ ಹತ್ತಿರ ಬಂದ ಮುಖ ಆ ಮೂಲೆಯ ಕಡೆಗೆ ಎಳೆದ ಹಾಗೆ ಆಗುತ್ತದೆ. ಹಿಂದಿನ ದೇವಸ್ಥಾನವೋ ಜಲಪಾತವೋ ಬರಲಿ ಅಂತ ಮುಖವನ್ನು ಕೆಳಗಿನ ಮೂಲೆಗೆ ತಳ್ಳಿದರೆ ತಲೆ ಮೊಟ್ಟೆಯಾಕಾರ ಆಗುವುದು ಇದರಿಂದಲೇ. ಮುಖ ನಡುವಿನ ಭಾಗದಲ್ಲೇ ಇರಲಿ. ಗುಂಪಿನ ಸೆಲ್ಫಿಯಲ್ಲಿ ಫೋನ್ ಹಿಡಿದವರಿಗೆ ಎರಡೂ ಏಟು ಬೀಳುತ್ತದೆ, ಅವರು ಹತ್ತಿರವೂ ಇರುತ್ತಾರೆ, ಅಂಚಿನಲ್ಲೂ ಇರುತ್ತಾರೆ. ಕೈ ಉದ್ದ ಇರುವವರ ಕೈಗೆ ಫೋನ್ ಕೊಟ್ಟು, ಅವರನ್ನು ನಡುವೆ ನಿಲ್ಲಿಸಿ.

ಕೋನದ ವಿಷಯವೂ ಇದೇ ಲೆಕ್ಕ. ಫೋನ್ ತಲೆಯ ಮೇಲೆ ಎತ್ತಿದರೆ ಹಣೆ ಹತ್ತಿರವಾಗಿ ದೊಡ್ಡದಾಗುತ್ತದೆ, ಗಲ್ಲ ಚೂಪಾಗುತ್ತದೆ. ಎದೆಯ ಮಟ್ಟದಲ್ಲಿ ಹಿಡಿದರೆ ಗಲ್ಲ ದಪ್ಪ, ಮೂಗಿನ ಹೊಳ್ಳೆಗಳು ಎದುರಿಗೆ. ನೀವು ಸಹಜವಾಗಿ ಕಾಣಬೇಕು ಅಂತ ಕೇಳಿದ್ದೀರಿ, ಹಾಗಾಗಿ ಲೆನ್ಸ್ ಕಣ್ಣಿನ ಮಟ್ಟದಲ್ಲಿರಲಿ, ಹೆಚ್ಚೆಂದರೆ ನಾಲ್ಕು ಬೆರಳು ಮೇಲೆ. ನೆನಪಿಡಿ, ಲೆನ್ಸ್ ಇರುವುದು ಫೋನಿನ ಮೇಲ್ತುದಿಯಲ್ಲಿ. ಪರದೆಯ ನಡುಭಾಗವನ್ನು ಕಣ್ಣಿನ ಮಟ್ಟಕ್ಕೆ ತಂದರೆ ಲೆನ್ಸ್ ಮೇಲೆ ಹೋಗಿರುತ್ತದೆ, ನೋಟ ಮಾತ್ರ ಕೆಳಗೆ ಉಳಿಯುತ್ತದೆ. ಪರದೆಯಲ್ಲಿ ನಗು ಸರಿ ಇದೆಯಾ ಅಂತ ನೋಡಿಕೊಂಡು, ಒತ್ತುವ ಕ್ಷಣಕ್ಕೆ ಕಣ್ಣನ್ನು ಲೆನ್ಸಿಗೆ ತಿರುಗಿಸಿ. ಮುಖವನ್ನು ಒಂದು ಕಡೆಗೆ ತುಸು ತಿರುಗಿಸಿದರೆ ಮೂಗು ನೇರ ಕ್ಯಾಮೆರಾದತ್ತ ಚಾಚುವುದು ತಪ್ಪುತ್ತದೆ. ಕೈ ಅಳತೆಯ ಸೆಲ್ಫಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ಬೆಳಕು. ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟ್ ಗೋಡೆಯ ಮೇಲುಗಡೆ ಇರುತ್ತದೆ, ಬೆಳಕು ಮೇಲಿಂದ ಬೀಳುತ್ತದೆ. ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗಿನ ಕೆಳಗೆ ನೆರಳು ಬಿದ್ದು ಮೂಗು ಇನ್ನಷ್ಟು ದಪ್ಪ ಕಾಣುತ್ತದೆ. ಹಗಲಲ್ಲಿ ಅದನ್ನು ಆರಿಸಿಬಿಡಿ. ಕಿಟಕಿಯಿಂದ ಮೂರು ಅಡಿ ದೂರ, ಕಿಟಕಿಗೆ ಮುಖ ಮಾಡಿ ನಿಲ್ಲಿ. ಆಮೇಲೆ ನಿಧಾನವಾಗಿ ಪಕ್ಕಕ್ಕೆ ತಿರುಗುತ್ತಾ ಪರದೆಯಲ್ಲಿ ಮುಖ ನೋಡಿ. ಒಂದು ಕೆನ್ನೆ ಬೆಳಗಿ, ಇನ್ನೊಂದು ಕೆನ್ನೆಯ ಮೇಲೆ ಮೃದುವಾದ ನೆರಳು ಬರುವ ಒಂದು ಜಾಗ ಸಿಗುತ್ತದೆ, ಕಿಟಕಿಯೂ ಮುಖವೂ ಅರ್ಧ ಎದುರು, ಅರ್ಧ ಪಕ್ಕ ಇರುವಾಗ. ಅಲ್ಲಿ ನಿಲ್ಲಿ. ನೆರಳಿನ ಕಡೆ ತೀರಾ ಕಪ್ಪಾದರೆ ಆ ಕಡೆ ಒಂದು ಕುರ್ಚಿ ಇಟ್ಟು ಬಿಳಿ ಬೆಡ್‌ಶೀಟ್ ಹೊದಿಸಿ, ಬೆಳಕು ಅದಕ್ಕೆ ತಾಗಿ ವಾಪಸ್ ಬರುತ್ತದೆ. ಕಿಟಕಿಯಿಂದ ನೇರ ಬಿಸಿಲು ಬೀಳುತ್ತಿದ್ದರೆ ತೆಳು ಬಿಳಿ ಪಂಚೆ ಕಟ್ಟಿ. ಹೊರಗೆ ನಡುಮಧ್ಯಾಹ್ನವಾದರೆ ಬಿಸಿಲಿಗೆ ಹೋಗಬೇಡಿ, ಜಗುಲಿಯ ನೆರಳಿನ ಅಂಚಿನಲ್ಲಿ ನಿಂತು ಆಕಾಶದ ಕಡೆಗೆ ಮುಖ ಮಾಡಿ.

ಫೋನ್‌ಗಳು ನಮ್ಮ ಮೈಬಣ್ಣವನ್ನು ಬೆಳ್ಳಗೆ ಮಾಡಲು ನೋಡುತ್ತವೆ. ಬ್ಯೂಟಿ ಫಿಲ್ಟರ್ ಇದ್ದರೆ ಸೊನ್ನೆಗೆ ತನ್ನಿ. ಪರದೆಯಲ್ಲಿ ಮುಖದ ಮೇಲೆ ಬೆರಳು ತಾಗಿಸಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಹಣೆ ಮತ್ತು ಮೂಗಿನ ತುದಿಯಲ್ಲಿ ಚರ್ಮದ ಗೆರೆ ಕಾಣದೆ ಬರೀ ಬಿಳಿ ಮಚ್ಚೆ ಇದ್ದರೆ ಇನ್ನೂ ಇಳಿಸಬೇಕು. ಎಲ್ಲ ಸರಿ ಇದ್ದೂ ಮಂಜು ಕವಿದ ಹಾಗೆ ಬಂದರೆ ಲೆನ್ಸ್ ಒರೆಸಿ, ಬೆರಳಿನ ಜಿಡ್ಡು ಇರುತ್ತದೆ.

ಒಂದು ವಿಷಯ ಉಳಿಯಿತು. 5 ಅಡಿಯ ಫೋಟೋ ನೋಡಿ ಅಕ್ಕನ ಮಗಳು "ಚೆನ್ನಾಗಿದೆ, ಆದ್ರೆ ಏನೋ ನಾನಲ್ಲ ಅನ್ಸುತ್ತೆ" ಅಂದಳು. ಅವಳ ಮೂಗುಬೊಟ್ಟು, ಬೈತಲೆ ಎರಡೂ ಕನ್ನಡಿಯಲ್ಲಿ ದಿನಾ ನೋಡುವ ಕಡೆಗೆ ಇರಲಿಲ್ಲ. ತೆಗೆಯುವಾಗ ಪರದೆ ಕನ್ನಡಿಯಂತೆ ತೋರಿಸುತ್ತದೆ, ಸೇವ್ ಆಗುವಾಗ ಎಷ್ಟೋ ಫೋನ್‌ಗಳು ಎಡಬಲ ತಿರುಗಿಸಿ ಬೇರೆಯವರು ನೋಡುವ ಹಾಗೆ ಇಡುತ್ತವೆ. 1977ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿದ್ದರು. ಜನ ತಮ್ಮದೇ ಮುಖದ ಕನ್ನಡಿ ರೂಪವನ್ನು ಮೆಚ್ಚಿದರು, ಅವರ ಗೆಳೆಯರು ನಿಜ ರೂಪವನ್ನು ಮೆಚ್ಚಿದರು. ಕನ್ನಡಿ ರೂಪವೇ ಬೇಕು ಅಂದರೆ ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ `Mirror Front Camera` ಇದೆ, ಸ್ಯಾಮ್ಸಂಗ್‌ನಲ್ಲಿ `Save selfies as previewed` ಇದೆ. ಬೇರೆಯವರಿಗೆ ಕಳಿಸುವ ಫೋಟೋ ಆದರೆ ತಿರುಗಿಸದೆ ಇದ್ದದ್ದನ್ನೇ ಕಳಿಸಿ. ಅವಳೂ ಎರಡು ದಿನ ಯೋಚಿಸಿ ಅದನ್ನೇ ಕಳಿಸಿದಳು.