ನಿಫ್ಟಿಯ ಏರಿಳಿತವನ್ನು ತೂಗುವುದು ಯಾರು?

ಪ್ರಶ್ನೆ: ನನ್ನ ಬಳಿ ಇರುವ ಷೇರುಗಳಲ್ಲಿ ಹೆಚ್ಚಿನವು ಏರಿದ ದಿನವೂ ನಿಫ್ಟಿ ಮಾತ್ರ ಕುಸಿದಿರುತ್ತದೆ. ಐವತ್ತು ಕಂಪನಿಗಳ ಸರಾಸರಿ ಹೀಗೇಕೆ ವರ್ತಿಸುತ್ತದೆ?

ನಿಫ್ಟಿ ಐವತ್ತು ಕಂಪನಿಗಳ ಸರಳ ಸರಾಸರಿಯಲ್ಲ. ಅಲ್ಲಿ ಪ್ರತಿ ಕಂಪನಿಗೂ ಒಂದು ತೂಕವಿದೆ, ಮತ್ತು ಆ ತೂಕಗಳ ನಡುವೆ ಅಜಗಜಾಂತರವಿದೆ. 1995ರ ನವೆಂಬರ್ 3ರಂದು ಪಟ್ಟಿಯಲ್ಲಿದ್ದ ಕಂಪನಿಗಳ ಒಟ್ಟು ಮಾರುಕಟ್ಟೆ ಮೌಲ್ಯವನ್ನು 1000 ಅಂಶವೆಂದು ಹಿಡಿದು, ಇಂದಿನ ಮೌಲ್ಯ ಅದರ ಎಷ್ಟು ಪಟ್ಟು ಎಂದು ಲೆಕ್ಕ ಹಾಕಲಾಗುತ್ತದೆ. ಪಟ್ಟಿಗೆ ಹೊಸ ಕಂಪನಿ ಬಂದಾಗ ಅಥವಾ ಹಳೆಯದು ಹೊರಬಿದ್ದಾಗ ಸೂಚ್ಯಂಕ ಸುಮ್ಮನೆ ಜಿಗಿಯದಂತೆ ಭಾಜಕವನ್ನು, ಅಂದರೆ ಇಂದಿನ ಮೌಲ್ಯವನ್ನು ಭಾಗಿಸುವ ಆ ಮೂಲ ಮೌಲ್ಯವನ್ನು, ಸರಿಹೊಂದಿಸುತ್ತಾರೆ.

ಮೌಲ್ಯವೆಂದರೆ ಯಾವ ಮೌಲ್ಯ ಎಂಬುದೇ ಇಲ್ಲಿ ಮುಖ್ಯ. 2009ರ ಜೂನ್‌ವರೆಗೆ ಕಂಪನಿಯ ಎಲ್ಲ ಷೇರುಗಳನ್ನೂ ಎಣಿಸಲಾಗುತ್ತಿತ್ತು. ಅಂದಿನಿಂದ ಪ್ರವರ್ತಕರ ಮತ್ತು ಸರ್ಕಾರದ ಕೈಯಲ್ಲಿರುವ ಪಾಲನ್ನು ಬಿಟ್ಟು, ಪೇಟೆಯಲ್ಲಿ ನಿಜವಾಗಿ ಕೈಬದಲಾಗಬಲ್ಲ ಷೇರುಗಳನ್ನಷ್ಟೇ ಎಣಿಸುತ್ತಾರೆ. ಇದನ್ನೇ ಫ್ರೀ ಫ್ಲೋಟ್ ಎನ್ನುವುದು. ಸೆನ್ಸೆಕ್ಸ್ 2003ರಲ್ಲೇ ಈ ದಾರಿ ಹಿಡಿದಿತ್ತು. ನನ್ನ ದೃಷ್ಟಿಯಲ್ಲಿ ಇದು ನ್ಯಾಯವಾದ ಕ್ರಮ, ಏಕೆಂದರೆ ಯಾರೂ ಕೊಳ್ಳಲಾಗದ ಷೇರುಗಳಿಗೆ ತೂಕ ಕೊಟ್ಟರೆ ಸೂಚ್ಯಂಕವನ್ನು ಅನುಸರಿಸುವ ಫಂಡುಗಳೆಲ್ಲ ಇರುವ ಚೂರುಪಾರು ಷೇರುಗಳಿಗೇ ಮುಗಿಬೀಳಬೇಕಾಗುತ್ತದೆ.

ಇದರ ಪರಿಣಾಮವನ್ನು 2024ರ ಜನವರಿಯಲ್ಲಿ ನೋಡಬಹುದಿತ್ತು. ಆಗ ಟಿಸಿಎಸ್‌ನ ಒಟ್ಟು ಮೌಲ್ಯ ಸುಮಾರು 14 ಲಕ್ಷ ಕೋಟಿ ರೂಪಾಯಿ, ಎಚ್‌ಡಿಎಫ್‌ಸಿ ಬ್ಯಾಂಕಿನದು 13 ಲಕ್ಷ ಕೋಟಿಗಿಂತ ತುಸು ಕಡಿಮೆ. ಆದರೆ ಟಿಸಿಎಸ್‌ನ ಶೇ. 72ರಷ್ಟು ಷೇರು ಟಾಟಾ ಸನ್ಸ್ ಬಳಿಯಿದ್ದುದರಿಂದ ಎಣಿಕೆಗೆ ಸಿಗುತ್ತಿದ್ದುದು ಸುಮಾರು 4 ಲಕ್ಷ ಕೋಟಿ ಮಾತ್ರ. ಮೂಲ ಸಂಸ್ಥೆ ಎಚ್‌ಡಿಎಫ್‌ಸಿ ತನ್ನಲ್ಲಿ ವಿಲೀನವಾದ ನಂತರ ಪ್ರವರ್ತಕರೇ ಇಲ್ಲದ ಬ್ಯಾಂಕಿನದು ಹೆಚ್ಚುಕಡಿಮೆ ಪೂರ್ತಿ ಎಣಿಕೆಯಾಗುತ್ತಿತ್ತು. ಹೀಗಾಗಿ ಗಾತ್ರದಲ್ಲಿ ಚಿಕ್ಕದಾದ ಬ್ಯಾಂಕಿಗೆ ಸುಮಾರು ಶೇ. 13ರ ತೂಕ, ದೊಡ್ಡದಾದ ಟಿಸಿಎಸ್‌ಗೆ ಶೇ. 4ರ ಆಸುಪಾಸು.

ಜನವರಿ 17ರಂದು, ತ್ರೈಮಾಸಿಕ ಫಲಿತಾಂಶದ ಮರುದಿನ, ಆ ಬ್ಯಾಂಕಿನ ಷೇರು ಶೇ. 8ಕ್ಕೂ ಹೆಚ್ಚು ಕುಸಿಯಿತು. 22,032ರಲ್ಲಿದ್ದ ನಿಫ್ಟಿ 460 ಅಂಶ ಕಳೆದುಕೊಂಡಿತು. ಶೇ. 13ರ ತೂಕವನ್ನು ಶೇ. 8.4ರ ಇಳಿಕೆಯಿಂದ ಗುಣಿಸಿದರೆ ಸೂಚ್ಯಂಕದ ಶೇ. 1.1, ಅಂದರೆ ಸುಮಾರು 240 ಅಂಶ. ಅರ್ಧಕ್ಕಿಂತ ಹೆಚ್ಚು ಕುಸಿತ ಒಂದೇ ಷೇರಿನದು! ಉಳಿದ ಬ್ಯಾಂಕುಗಳೂ ಜೊತೆಯಲ್ಲಿ ಜಾರಿದವು; ಕೆಲವು ಐಟಿ ಷೇರುಗಳು ಏರಿದ್ದವು, ಆದರೆ ಅವುಗಳ ತೂಕ ಸಾಲಲಿಲ್ಲ.

ನಿಮ್ಮ ಅನುಭವವೂ ಇದೇ ಬಗೆಯದೇ ಎಂದು ತಿಳಿಯಲು, ಅಂದಿನ ನಿಫ್ಟಿಯ ಪಕ್ಕದಲ್ಲಿ ಅದೇ ಐವತ್ತು ಕಂಪನಿಗಳಿಗೆ ಸಮಾನ ತೂಕ ಕೊಡುವ ನಿಫ್ಟಿ 50 ಈಕ್ವಲ್ ವೇಟ್ ಸೂಚ್ಯಂಕವನ್ನಿಟ್ಟು ನೋಡಿ. ಮೊದಲನೆಯದು ಇಳಿದು ಎರಡನೆಯದು ಅಲುಗದೆ ನಿಂತಿದ್ದರೆ, ಎಳೆದದ್ದು ಒಂದೆರಡು ದೈತ್ಯ ಷೇರುಗಳು.