ಮಾರ್ಚ್ ಮುಗಿಯುವ ಮೊದಲು ಗಿರಾಕಿಗಳ ಹಿಂದೆ ಬಿದ್ದರೆ ಆರ್ಡರ್ ಸಿಗುತ್ತದೆಯೇ?

ಪ್ರಶ್ನೆ: "ನಮ್ಮದು ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡುವ ಸಣ್ಣ ಉದ್ಯಮ. ಮಾರ್ಚ್‌ನಲ್ಲಿ ಎಲ್ಲರೂ ಉಳಿದ ಬಜೆಟ್ ಖರ್ಚು ಮಾಡಿ ಮುಗಿಸುತ್ತಾರೆ ಎನ್ನುತ್ತಾರೆ. ಫೆಬ್ರವರಿಯಿಂದ ಎಲ್ಲರಿಗೂ ಇಮೇಲ್, ಫೋನ್ ಶುರು ಮಾಡಲೇ? ದಸರಾ, ದೀಪಾವಳಿ ಸಮಯದಲ್ಲಿ ಸುಮ್ಮನಿರಬೇಕೇ?"

ಬೇಡ. ಇದೇ ಮಾತನ್ನು ನಂಬಿ ನಾನು ಹದಿನೆಂಟು ಲಕ್ಷದ ಆರ್ಡರ್ ಕಳೆದುಕೊಂಡಿದ್ದೇನೆ.

ಪೀಣ್ಯದಲ್ಲಿ ನಮ್ಮದೊಂದು ಪುಟ್ಟ ಘಟಕ. ಬಣ್ಣ ಬಳಿದ ಲೋಹದ ಭಾಗಗಳನ್ನು ಒಣಗಿಸುವ ಓವನ್ ತಯಾರಿಸುತ್ತೇವೆ. ಒಂದೊಂದನ್ನೂ ಗಿರಾಕಿಯ ಅಳತೆಗೆ ಮಾಡಬೇಕಾಗಿರುವುದರಿಂದ ಆರ್ಡರ್ ಕೈಗೆ ಬಂದ ಮೇಲೆ ಏಳೆಂಟು ವಾರ ಹಿಡಿಯುತ್ತದೆ. 2018ರ ಫೆಬ್ರವರಿ ಕೊನೆಯಲ್ಲಿ ಬೊಮ್ಮಸಂದ್ರದ ಒಂದು ಬಿಡಿಭಾಗ ಕಾರ್ಖಾನೆಗೆ ಕೊಟೇಶನ್ ಕೊಟ್ಟೆ. ಅವರಿಗೆ ಓವನ್ ಬೇಕಿತ್ತು ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಹಳೆಯದರ ಬಾಗಿಲು ಸರಿಯಾಗಿ ಮುಚ್ಚದೆ, ಸಂದಿಗೆ ಗಾಜಿನ ನಾರಿನ ಹಗ್ಗ ತುರುಕಿ ಕೆಲಸ ಸಾಗಿಸುತ್ತಿದ್ದರು. ಉತ್ಪಾದನಾ ವಿಭಾಗದ ಮುಖ್ಯಸ್ಥರು ನನ್ನ ನಕ್ಷೆಯನ್ನು ನೆಲದ ಮೇಲೆ ಹರಡಿಕೊಂಡು ಕೂತು ನೋಡಿದರು. ಬೆಲೆಯೂ ಒಪ್ಪಿಗೆಯಾಯಿತು. ಮಾರ್ಚ್ ಹತ್ತಿರದಲ್ಲಿದೆ, ಹಣ ಉಳಿದಿರುತ್ತದೆ, ಇನ್ನೇನು ಬಂತು ಎಂದುಕೊಂಡೆ.

ಖರೀದಿ ವಿಭಾಗದ ವ್ಯವಸ್ಥಾಪಕರು ಒಂದೇ ಪ್ರಶ್ನೆ ಕೇಳಿದರು: "ಸರ್, ಮಾರ್ಚ್ 31ರೊಳಗೆ ಸರಕು ನಮ್ಮ ಗೇಟಿನೊಳಗೆ ಬರುತ್ತದೆಯೇ?"

ಮೇ ತಿಂಗಳಿಗೆ ಕೊಡುತ್ತೇನೆ, ಆರ್ಡರ್ ಮಾತ್ರ ಈಗ ಕೊಡಿ, ಬೇಕಾದರೆ ಮುಂಗಡವನ್ನು ಈ ವರ್ಷದ ಲೆಕ್ಕಕ್ಕೆ ಹಾಕಿಕೊಳ್ಳಿ ಎಂದೆ. ಅವರು ನಕ್ಕರು. ನನಗೆ ಗೊತ್ತಿಲ್ಲದೇ ಇದ್ದದ್ದು ಇದು. ಆ ಕಾರ್ಖಾನೆಯಲ್ಲಿ ಯಂತ್ರದ ಬಜೆಟ್ ಖರ್ಚಾಯಿತು ಎಂದು ಲೆಕ್ಕ ಹಿಡಿಯುತ್ತಿದ್ದದ್ದು ಆರ್ಡರ್ ಕೊಟ್ಟ ದಿನವಲ್ಲ, ಮುಂಗಡ ಕೊಟ್ಟ ದಿನವೂ ಅಲ್ಲ. ಸರಕು ಬಂದು, ಉಗ್ರಾಣದಲ್ಲಿ ಸ್ವೀಕೃತಿ ರಸೀದಿ, ಅಂದರೆ ಜಿಆರ್‌ಎನ್, ಹರಿದ ದಿನ. ಮುಂಗಡ ಅವರ ಪುಸ್ತಕದಲ್ಲಿ ಮುಂಗಡವಾಗಿಯೇ ಕೂರುತ್ತದೆ, ಬಜೆಟ್ಟನ್ನು ತಿನ್ನುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಬರುವ ಓವನ್ ಮುಂದಿನ ವರ್ಷದ ಖರ್ಚು. ಸರಿ, ಮುಂದಿನ ವರ್ಷದ ಬಜೆಟ್‌ನಿಂದಲೇ ಕೊಡಿ ಎಂದರೆ, ಆ ಪಟ್ಟಿ ಜನವರಿಯಲ್ಲೇ ಮುಚ್ಚಿತ್ತು. ಅದರಲ್ಲಿ ಓವನ್‌ನ ಸಾಲೇ ಇರಲಿಲ್ಲ. ಡಿಸೆಂಬರ್‌ನಲ್ಲಿ ಪಟ್ಟಿ ತಯಾರಿಸಿದಾಗ ಉತ್ಪಾದನಾ ಮುಖ್ಯಸ್ಥರ ಕೈಯಲ್ಲಿ ಯಾರ ಬೆಲೆಯೂ ಇರಲಿಲ್ಲವಾದ್ದರಿಂದ ಅವರು ಅದನ್ನು ಬರೆದೇ ಇರಲಿಲ್ಲ.

ಈ ವರ್ಷದ ಹಣ ಇತ್ತು, ನನ್ನ ಸರಕು ಇರಲಿಲ್ಲ. ಮುಂದಿನ ವರ್ಷ ಸರಕು ಇರುತ್ತಿತ್ತು, ಅದರ ಹೆಸರಿನಲ್ಲಿ ಹಣ ಇರಲಿಲ್ಲ. ಇದನ್ನು ಇಷ್ಟು ಎಳೆದು ಹೇಳುತ್ತಿರುವುದಕ್ಕೆ ಕಾರಣವಿದೆ: ತಡವಾಯಿತು ಎಂದು ಆಗ ನನಗೆ ಅನ್ನಿಸಲೇ ಇಲ್ಲ. ಫೆಬ್ರವರಿಯ ಮಾತುಕತೆಗಳೆಲ್ಲ ಬಿಸಿಬಿಸಿಯಾಗಿಯೇ ಇರುತ್ತವೆ. ಬೇಡ ಎಂದು ಯಾರೂ ಹೇಳುವುದಿಲ್ಲ. "ಏಪ್ರಿಲ್‌ನಲ್ಲಿ ನೋಡೋಣ" ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಲೆಕ್ಕಪತ್ರ ಮುಗಿಸುವ ಗಡಿಬಿಡಿ, ಆಮೇಲೆ "ಮಧ್ಯಂತರ ಪರಿಶೀಲನೆಯಲ್ಲಿ ಸೇರಿಸುತ್ತೇವೆ", ಆಮೇಲೆ ಆ ಮುಖ್ಯಸ್ಥರಿಗೇ ವರ್ಗಾವಣೆ. ಮರುವರ್ಷ ಓವನ್ ಬಂತು, ಆದರೆ ನಮ್ಮದಲ್ಲ. ನವೆಂಬರ್‌ನಲ್ಲಿ ಅವರ ಮೇಜಿನ ಮೇಲೆ ಒಂದು ಪುಟ ಇಟ್ಟು ಬಂದವನದು.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಿರುಗುಮುರುಗಾಗಿದೆ ಎನ್ನುತ್ತೇನೆ. ಬಜೆಟ್ ಖರ್ಚಾಗುವ ತಿಂಗಳನ್ನು ಬಿಡಿ, ಪಟ್ಟಿ ಬರೆಯುವ ತಿಂಗಳನ್ನು ಹುಡುಕಿ. ನಾನು ವ್ಯವಹರಿಸುವ ಏಪ್ರಿಲ್–ಮಾರ್ಚ್ ಕಂಪನಿಗಳಲ್ಲಿ ವಿಭಾಗಗಳ ಮುಖ್ಯಸ್ಥರಿಗೆ "ಮುಂದಿನ ವರ್ಷ ಏನೇನು ಯಂತ್ರ ಬೇಕು" ಎನ್ನುವ ಹಾಳೆ ಬರುವುದು ನವೆಂಬರ್–ಡಿಸೆಂಬರ್‌ನಲ್ಲಿ. ಜನವರಿಯಲ್ಲಿ ಹಣಕಾಸು ವಿಭಾಗ ಅದಕ್ಕೆ ಕತ್ತರಿ ಹಾಕುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಮೇಲಿನವರ ಸಹಿ. ನಿಜವಾದ ಇಂಡೆಂಟ್, ಅಂದರೆ ವಿಭಾಗದ ಖರೀದಿ ಬೇಡಿಕೆ, ಹೊರಡುವುದು ಏಪ್ರಿಲ್ ಕೊನೆ, ಮೇ. ಹಾಗಾದರೆ ನೀವು ಬಾಗಿಲು ತಟ್ಟಬೇಕಾದದ್ದು ದೀಪಾವಳಿ ಕಳೆದ ಮರುವಾರ. ಆಗ ಕೊಡಬೇಕಾದದ್ದು ಹತ್ತು ಪುಟದ ಕೊಟೇಶನ್ ಅಲ್ಲ, ಒಂದು ಪುಟದ ಬಜೆಟರಿ ಕೊಟೇಶನ್.

ಆ ಪುಟದಲ್ಲಿ ಏನಿರಬೇಕು ಎಂದರೆ, ಆ ಮುಖ್ಯಸ್ಥರು ತಮ್ಮ ಹಾಳೆಯಲ್ಲಿ ತುಂಬಬೇಕಾದ ಕಾಲಂಗಳಿಗೆ ಉತ್ತರ. ಜಿಎಸ್‌ಟಿ ಬೇರೆ ತೋರಿಸಿದ ಅಂದಾಜು ಬೆಲೆ, ಸಾಗಣೆ ಮತ್ತು ಅಳವಡಿಕೆ ಸೇರಿ. ನೆಲದ ಅಳತೆ. ಎಷ್ಟು ಕಿಲೋವ್ಯಾಟ್ ವಿದ್ಯುತ್ ಬೇಕು. ಏಕೆಂದರೆ ಮಂಜೂರಾದ ಲೋಡ್ ಸಾಲದಿದ್ದರೆ ಅದಕ್ಕೂ ಬೇರೆ ಹಣ ಇಡಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ಆರ್ಡರ್‌ನಿಂದ ಚಾಲನೆಯವರೆಗೆ ಎಷ್ಟು ವಾರ. ಕೊನೆಗೆ, ಯಾಕೆ ಬೇಕು ಎನ್ನುವುದಕ್ಕೆ ಅವರದೇ ಕಾರ್ಖಾನೆಯ ಅಂಕಿ ಇಟ್ಟು ಎರಡು ಸಾಲು. ಜನವರಿಯ ಕತ್ತರಿಯಿಂದ ಪಾರಾಗುವುದು ಆ ಎರಡು ಸಾಲು ಇರುವ ಯಂತ್ರ. ನಿಮ್ಮ ಕಂಪನಿಯ ಇತಿಹಾಸವನ್ನು ಅದರಲ್ಲಿ ಬರೆಯಬೇಡಿ.

ಮಾರ್ಚ್‌ನಲ್ಲಿ ಏನೂ ಮಾರಾಟವಾಗುವುದಿಲ್ಲ ಎಂದಲ್ಲ. ಸಿದ್ಧವಾಗಿ ಕಪಾಟಿನಲ್ಲಿರುವುದು ಮಾರಾಟವಾಗುತ್ತದೆ. ನಾವು ಹೀಟರ್, ಬ್ಲೋವರ್, ಬಾಗಿಲಿನ ಸೀಲ್, ಉಷ್ಣ ನಿಯಂತ್ರಕಗಳನ್ನು ಫೆಬ್ರವರಿಯಲ್ಲೇ ತುಂಬಿಸಿಟ್ಟುಕೊಳ್ಳುತ್ತೇವೆ. ಸರ್ಕಾರಿ ಸಂಸ್ಥೆಗಳ ಮಾರ್ಚ್ ಧಾವಂತವನ್ನು ನಂಬಿ ಕೂರುವವರಿಗೆ ಒಂದು ಮಾತು: ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷದ ಕೊನೆಯ ತಿಂಗಳುಗಳ ಖರ್ಚಿನ ನೂಕುನುಗ್ಗಲನ್ನು ಹಣಕಾಸಿನ ಔಚಿತ್ಯದ ಉಲ್ಲಂಘನೆ ಎಂದೇ ಕರೆಯುತ್ತವೆ. ಹಾಗಿದ್ದೂ ಮಾರ್ಚ್‌ನಲ್ಲಿ ಹೊರಡುವ ಬಿಲ್ಲುಗಳು ತಿಂಗಳುಗಳ ಹಿಂದೆಯೇ ಟೆಂಡರ್ ಮುಗಿಸಿದವರವು. ಫೆಬ್ರವರಿಯಲ್ಲಿ ಪರಿಚಯ ಪತ್ರ ಹಿಡಿದು ಹೋದವರಿಗೆ ಚಹಾ ಸಿಗುತ್ತದೆ.

ಇನ್ನು ಹಬ್ಬ. ಹಬ್ಬದ ವಾರದಲ್ಲಿ ಸುಮ್ಮನಿರಿ, ಶುಭಾಶಯದ ಸಂದೇಶಕ್ಕೆ ಕೊಟೇಶನ್ ಅಂಟಿಸಿ ಕಳಿಸಬೇಡಿ. ಆದರೆ ಹಬ್ಬವನ್ನು ರಜೆ ಎಂದಷ್ಟೇ ನೋಡಿದರೆ ಅದರ ಅರ್ಧ ಕಥೆ ತಪ್ಪಿಹೋಗುತ್ತದೆ. ಮಾಲೀಕರೇ ನಡೆಸುವ ಕಾರ್ಖಾನೆಗಳಲ್ಲಿ ನವೆಂಬರ್ ಪಟ್ಟಿಗಿಟ್ಟಿ ಇರುವುದಿಲ್ಲ. ಅಲ್ಲಿ ಇರುವುದು ಎರಡೇ: ಪಂಚಾಂಗ ಮತ್ತು ಲೆಕ್ಕಪರಿಶೋಧಕ. ಇವೆರಡೂ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಡಿಕ್ಕಿ ಹೊಡೆಯುತ್ತವೆ.

ಆದಾಯ ತೆರಿಗೆಯಲ್ಲಿ ಯಂತ್ರಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಶೇ 15 ಸವಕಳಿ ಸಿಗುತ್ತದೆ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ, ಫೆಬ್ರವರಿಗೆ 28 ದಿನವಿರುವ ವರ್ಷದಲ್ಲಿ, ಅಕ್ಟೋಬರ್ 3ರಂದು ಬಳಕೆಗೆ ಬಂದ ಯಂತ್ರಕ್ಕೆ ಸರಿಯಾಗಿ 180 ದಿನ. ನಾಲ್ಕನೇ ತಾರೀಖಿಗೆ ಹೋದರೆ ಅರ್ಧ. ಇಪ್ಪತ್ತು ಲಕ್ಷದ ಓವನ್‌ಗೆ ಮೂರು ಲಕ್ಷದ ಬದಲು ಒಂದೂವರೆ ಲಕ್ಷ; ಶೇ 25ರ ಆಸುಪಾಸಿನಲ್ಲಿ ತೆರಿಗೆ ಕಟ್ಟುವ ಕಂಪನಿಗೆ ಆ ವರ್ಷ ಸುಮಾರು 38 ಸಾವಿರ ಹೆಚ್ಚು ತೆರಿಗೆ. ಅದು ನಷ್ಟವಲ್ಲ, ಉಳಿದ ಸವಕಳಿ ಮುಂದಿನ ವರ್ಷಗಳಲ್ಲಿ ಸಿಗುತ್ತದೆ. ಆದರೂ ಮಾಲೀಕರಿಗೆ ಅದು ನಷ್ಟದಂತೆಯೇ ಕಾಣುತ್ತದೆ, ಅವರೊಂದಿಗೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ.

2024ರಲ್ಲಿ ಹಾರೋಹಳ್ಳಿಯ ಒಬ್ಬ ಮಾಲೀಕರಿಗೆ ಹೊಸ ಓವನ್ ಆಯುಧಪೂಜೆಗೇ ಚಾಲನೆಯಾಗಬೇಕಿತ್ತು. ಆ ವರ್ಷ ಆಯುಧಪೂಜೆ ಅಕ್ಟೋಬರ್ 11ಕ್ಕೆ. ಲೆಕ್ಕಪರಿಶೋಧಕರು ಮೂರಕ್ಕೇ ಆಗಬೇಕು ಎಂದರು. ಅದಕ್ಕಿಂತ ಮುಂಚೆ ಮಾಡೋಣವೆಂದರೆ ಪಿತೃಪಕ್ಷ. ಪಕ್ಷದಲ್ಲಿ ಯಂತ್ರ ಒಳಗೆ ಬರುವುದಕ್ಕೆ ಅವರ ತಕರಾರಿರಲಿಲ್ಲ, ಸ್ವಿಚ್ ಒತ್ತುವುದಕ್ಕೆ ಮಾತ್ರ. ಅದೃಷ್ಟಕ್ಕೆ ನವರಾತ್ರಿಯ ಪಾಡ್ಯ ಅಕ್ಟೋಬರ್ 3ಕ್ಕೇ ಬಿದ್ದಿತ್ತು. ಅಂದು ಬೆಳಿಗ್ಗೆ ನಿಂಬೆಹಣ್ಣು ಒಡೆದು ಮೊದಲ ಬ್ಯಾಚ್ ಒಳಗೆ ಕಳಿಸಿದೆವು. ಲೆಕ್ಕಪರಿಶೋಧಕರಿಗೆ ಚಾಲನಾ ವರದಿ ಮತ್ತು ಆ ಬ್ಯಾಚಿನ ಜಾಬ್ ಕಾರ್ಡ್ ಎರಡೂ ಬೇಕಿದ್ದವು, ಏಕೆಂದರೆ ಕೊಂಡರೆ ಸಾಲದು, ಬಳಕೆಗೆ ಬಂದಿರಬೇಕು. ದೊಡ್ಡ ಪೂಜೆ ಹನ್ನೊಂದಕ್ಕೆ ಆಯಿತು. ಮುಂಗಡದ ಚೆಕ್ ಮಾತ್ರ ಆಷಾಢ ಕಳೆದು ಶ್ರಾವಣದ ಮೊದಲ ವಾರದಲ್ಲಿ ಬಂದಿತ್ತು. ನಕ್ಷೆಗೆ ಆಷಾಢದಲ್ಲೇ ಸಹಿ ಹಾಕಿಸಿಕೊಂಡಿದ್ದರಿಂದ ಕೆಲಸ ಮುಗಿಯಿತು.

2025ರಲ್ಲಿ ಆಯುಧಪೂಜೆಯೇ ಅಕ್ಟೋಬರ್ 1ಕ್ಕೆ, ತಲೆನೋವೇ ಇರಲಿಲ್ಲ. 2026 ಹಾಗಲ್ಲ. ಅಧಿಕ ಜ್ಯೇಷ್ಠದಿಂದಾಗಿ ನವರಾತ್ರಿ ಅಕ್ಟೋಬರ್ 11ಕ್ಕೆ ಜಾರಿದೆ. ಅಕ್ಟೋಬರ್ 3 ಪಿತೃಪಕ್ಷದ ನಡುವೆ ಬೀಳುತ್ತದೆ. ಇಂಥ ಗಿರಾಕಿಗೆ ಗಣೇಶನ ಹಬ್ಬದಿಂದ ಪಕ್ಷ ಶುರುವಾಗುವವರೆಗಿನ ಎರಡು ವಾರದೊಳಗೇ ಯಂತ್ರ ಓಡಬೇಕು. ಅಲ್ಲಿಂದ ಎಂಟು ವಾರ ಹಿಂದಕ್ಕೆ ಹೋದರೆ ಆಷಾಢ. ಅದಕ್ಕೂ ಮುಂಚೆ, ಜೂನ್ ಮಧ್ಯದವರೆಗೆ, ಅಧಿಕ ಮಾಸ. ಮುಂಗಡದ ಚೆಕ್‌ಗೆ ಉಳಿಯುವುದು ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗಿನ ಒಂದೇ ತಿಂಗಳು. ಮೊದಲ ಭೇಟಿ ಮೇ ತಿಂಗಳಲ್ಲೇ ಆಗಿರಬೇಕು. ಇದು ಯಾವ ಮಾರಾಟ ತರಬೇತಿಯಲ್ಲೂ ಸಿಗುವುದಿಲ್ಲ, ಗೋಡೆಯ ಕ್ಯಾಲೆಂಡರ್‌ನಲ್ಲಿ ಸಿಗುತ್ತದೆ.

ಕೊನೆಯದಾಗಿ, ವಿದೇಶಿ ಮೂಲದ ಕಂಪನಿಗಳ ವಿಷಯದಲ್ಲಿ ಮೇಲಿನದನ್ನೆಲ್ಲ ಪಕ್ಕಕ್ಕಿಡಿ. ಕಾನೂನಿನ ಪ್ರಕಾರ ಅವರ ಇಲ್ಲಿನ ಲೆಕ್ಕ ಸಾಮಾನ್ಯವಾಗಿ ಮಾರ್ಚ್‌ಗೇ ಮುಗಿಯುತ್ತದೆ, ಆದರೆ ಎಷ್ಟೋ ಕಂಪನಿಗಳ ಬಜೆಟ್ ಓಡುವುದು ಮಾತೃಸಂಸ್ಥೆಯ ಜನವರಿ–ಡಿಸೆಂಬರ್ ವರ್ಷದ ಮೇಲೆ. ಅಂಥಲ್ಲಿ ನಿಮ್ಮ ಒಂದು ಪುಟ ಆಗಸ್ಟ್‌ನಲ್ಲೇ ತಲುಪಿರಬೇಕು. ಯಾವ ವರ್ಷ ಎಂದು ಊಹಿಸುತ್ತಾ ಕೂರಬೇಡಿ. "ನಿಮ್ಮ ಮುಂದಿನ ವರ್ಷದ ಯಂತ್ರಗಳ ಪಟ್ಟಿ ಯಾವ ತಿಂಗಳಿನಲ್ಲಿ ಮುಚ್ಚುತ್ತದೆ ಸರ್?" ಎಂದು ಮೊದಲ ಭೇಟಿಯಲ್ಲೇ ಕೇಳಿಬಿಡಿ. ಖರೀದಿ ವಿಭಾಗಕ್ಕಿಂತ ಉತ್ಪಾದನಾ ವಿಭಾಗದವರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ, ಪಟ್ಟಿ ಬರೆಯುವವರು ಅವರೇ.